ಹಲಸಿನ ಮೇಳದ ಪೋಸ್ಟರ್: ಡಿಸೈನರ್‌ಗೆ ಬರೆದ ಒಂದೂವರೆ ಪುಟ

ಹೋದ ವರ್ಷದ ಪೋಸ್ಟರ್ ಇನ್ನೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ಅದರಲ್ಲಿ ದೊಡ್ಡ ಅಕ್ಷರದಲ್ಲಿ ‘ಜೂನ್ 15, ಭಾನುವಾರ’ ಎಂದಿದೆ. 2024ರಲ್ಲಿ ಜೂನ್ 15 ಶನಿವಾರ. ಮೇಳ ನಡೆದದ್ದು 16ರ ಭಾನುವಾರ.

ತಪ್ಪು ಆದದ್ದು ಹೀಗೆ. ಮೊದಲು ಶನಿವಾರ ಮಾಡೋಣ ಅಂತಿತ್ತು. ಆಮೇಲೆ ಭಾನುವಾರಕ್ಕೆ ಬದಲಾಯಿತು. ನಾನು ಡಿಸೈನರ್‌ಗೆ ‘ಶನಿವಾರ ಬೇಡ, ಭಾನುವಾರ ಹಾಕಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸಿದೆ. ಅವರು ವಾರದ ಹೆಸರನ್ನಷ್ಟೇ ಬದಲಿಸಿದರು. ನಾನು ಹೇಳಿದ್ದೂ ಅಷ್ಟೇ ಅಲ್ವಾ. ಆ ಪೋಸ್ಟರ್‌ಗಾಗಿ ನಾನು ಕಳಿಸಿದ ಸಂದೇಶಗಳನ್ನು ಆಮೇಲೆ ಎಣಿಸಿದೆ. ಅರವತ್ತಕ್ಕೂ ಜಾಸ್ತಿ ಇದ್ದವು. ಒಂದು ಕಡೆ ವಿಷಯ, ಇನ್ನೊಂದು ಕಡೆ ಫೋಟೋ, ಮಧ್ಯದಲ್ಲಿ ‘ಸ್ವಲ್ಪ ಅಟ್ರಾಕ್ಟಿವ್ ಆಗಿರಲಿ’ ಎಂಬ ಮಾತು. ಇದರಿಂದ ಯಾರಿಗೂ ಸರಿಯಾದ ಪೋಸ್ಟರ್ ಮಾಡಲು ಆಗುವುದಿಲ್ಲ.

ಈ ವರ್ಷ, 2025ರಲ್ಲಿ, ಮೇಳ ಜೂನ್ 22ರ ಭಾನುವಾರ. ತುಮಕೂರು ಜಿಲ್ಲೆಯ ನಮ್ಮ ಹೋಬಳಿಯಲ್ಲಿ ಒಂದು ದಿನದ ಹಲಸಿನ ಮೇಳ. ಜೊತೆಗೆ ಕಸಿ ಕಟ್ಟುವುದನ್ನು ಕಲಿಸುವ ಕಾರ್ಯಕ್ರಮವೂ ಇದೆ. ಪೋಸ್ಟರ್ ಮಾಡಲು ಮೈಸೂರಿನಲ್ಲಿರುವ ಒಬ್ಬ ಹುಡುಗಿ ಒಪ್ಪಿದ್ದಾಳೆ. ಸ್ವಂತವಾಗಿ ಡಿಸೈನ್ ಕೆಲಸ ಮಾಡುತ್ತಾಳೆ. ನಮಗೆ ಏನು, ಯಾರಿಗಾಗಿ, ಯಾವಾಗ ಬೇಕು ಎಂದು ಅವಳಿಗೆ ತಿಳಿಸುವ ಬ್ರೀಫ್ ಅನ್ನು ಈ ಸಲ ಕೂತು ಬರೆಯಬೇಕು ಎಂದು ನಿರ್ಧರಿಸಿದೆ. ಅದು ಹೇಗೆ ತಯಾರಾಯಿತು, ಎಲ್ಲಿ ಸೋತಿತು ಎಂಬುದು ಇಲ್ಲಿದೆ.

ಮೇ 18, ಭಾನುವಾರ

ಸಮಿತಿ ಸಭೆ. ‘ಪೋಸ್ಟರ್ ಯಾರಿಗೆ?’ ಎಂದು ಕೇಳಿದೆ. ‘ಎಲ್ಲರಿಗೂ’ ಎಂದರು. ಎಲ್ಲರಿಗೂ ಎಂದರೆ ಡಿಸೈನರ್‌ಗೆ ಏನೂ ಹೇಳಿದಂತೆ ಆಗುವುದಿಲ್ಲ. ಹಾಗಾಗಿ ಪ್ರಶ್ನೆಯನ್ನು ಬೇರೆ ರೀತಿ ಕೇಳಿದೆ: ಈ ಪೋಸ್ಟರ್ ನೋಡದಿದ್ದರೆ ಮೇಳಕ್ಕೆ ಬಾರದೇ ಹೋಗುವವರು ಯಾರು?

ಇದಕ್ಕೆ ಉತ್ತರ ಬೇಗ ಸಿಕ್ಕಿತು. ಮಳಿಗೆ ಹಾಕುವ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ನಾವೇ ಫೋನ್ ಮಾಡುತ್ತೇವೆ. ಹಣ್ಣು ತಿನ್ನಲು ಬರುವ ಪೇಟೆಯವರಿಗೆ ಮೊಬೈಲ್‌ನಲ್ಲಿ ಸುದ್ದಿ ಹೋಗುತ್ತದೆ. ಗಣ್ಯರಿಗೆ ಆಹ್ವಾನ ಪತ್ರಿಕೆ ಕೈಗೇ ಕೊಡುತ್ತೇವೆ. ಉಳಿದವರು ತೋಟದ ಬದುವಿನಲ್ಲಿ ಎರಡು ಮೂರು ಹಲಸಿನ ಮರ ಇಟ್ಟುಕೊಂಡಿರುವ ರೈತರು. ಹಣ್ಣು ಕೊಳೆತು ಬಿದ್ದರೂ ಕೇಳುವವರಿಲ್ಲ ಎಂದು ಬೇಸತ್ತವರು. ಒಳ್ಳೆಯ ತಳಿಯ ಕಸಿ ಗಿಡ ಎಲ್ಲಿ ಸಿಗುತ್ತದೆ ಎಂದು ಗೊತ್ತಿಲ್ಲದವರು. ಅವರು ಬಂದರೆ ಮೇಳಕ್ಕೆ ಅರ್ಥ. ಬ್ರೀಫ್‌ನ ಮೊದಲ ಸಾಲು ಅಲ್ಲೇ ಸಿಕ್ಕಿತು:

‘ಓದುವವರು: ಬೆಳಿಗ್ಗೆ ಆರೂವರೆಗೆ ಹಾಲಿನ ಕ್ಯಾನ್ ಹಿಡಿದು ಡೇರಿ ಮುಂದೆ ಸಾಲಿನಲ್ಲಿ ನಿಂತಿರುವ, 45 ದಾಟಿದ ರೈತ ಅಥವಾ ರೈತ ಮಹಿಳೆ. ಕನ್ನಡಕ ಮನೆಯಲ್ಲಿದೆ. ಓದಲು ಎರಡು ನಿಮಿಷ ಸಮಯ ಇದೆ, ಆದರೆ ಓದಲೇಬೇಕೆಂಬ ಆಸೆ ಇಲ್ಲ.’

ಈ ಒಂದು ಸಾಲು ಮುಂದಿನ ಎಷ್ಟೋ ಜಗಳಗಳನ್ನು ತಪ್ಪಿಸಿತು. ಮೊದಲನೆಯದು ಅವತ್ತೇ ಬಂತು. ಗಣ್ಯರ ಪಟ್ಟಿಯಲ್ಲಿ ಹದಿನಾಲ್ಕು ಜನ ಇದ್ದರು. ಎಲ್ಲರ ಫೋಟೋ ಬರಬೇಕು ಎಂಬುದು ಹಿರಿಯರೊಬ್ಬರ ಹಟ. ಹೋದ ವರ್ಷ ಹಾಗೇ ಮಾಡಿದ್ದೆವು. ಅರ್ಧ ಪೋಸ್ಟರ್ ಮುಖಗಳೇ ತುಂಬಿದ್ದವು, ಹಲಸು ಮೂಲೆಯಲ್ಲಿತ್ತು. ನಾನು ಆ ಸಾಲನ್ನು ಓದಿ, ‘ಅಣ್ಣಾ, ಹಾಲು ಹಾಕೋಕೆ ಬಂದವನಿಗೆ ಯಾರ ಫೋಟೋ ನೋಡಿದ್ರೆ ಕಸಿ ಕಲಿಯೋಕೆ ಬರ್ಬೇಕು ಅನ್ಸುತ್ತೆ?’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಆಯ್ತಪ್ಪ, ಪತ್ರಿಕೇಲಿ ಎಲ್ಲರ ಹೆಸರೂ ದೊಡ್ಡದಾಗಿ ಬರ್ಲಿ’ ಎಂದರು. ಹಾಗೆಯೇ ಮಾಡಿದೆವು. ಆಹ್ವಾನ ಪತ್ರಿಕೆಯಲ್ಲಿ ಹದಿನಾಲ್ಕು ಹೆಸರು, ಪೋಸ್ಟರ್‌ನಲ್ಲಿ ಒಂದೂ ಇಲ್ಲ. ಈ ನಿರ್ಧಾರ ಬ್ರೀಫ್ ಕಳಿಸುವ ಮೊದಲೇ ಆಗಬೇಕು. ಡಿಸೈನ್ ಬಂದ ಮೇಲೆ ಫೋಟೋ ತುರುಕಲು ಹೊರಟರೆ ಇಡೀ ಪೋಸ್ಟರ್ ಹೊಸದಾಗಿ ಕಟ್ಟಬೇಕಾಗುತ್ತದೆ.

ಮೇ 20, ಮಂಗಳವಾರ

ಅಳತೆ. ಸಭೆಯಲ್ಲಿ ಒಬ್ಬರು ‘ದೊಡ್ಡ ಫ್ಲೆಕ್ಸ್ ಹಾಕಿಸಿ’ ಎಂದಿದ್ದರು. ಪ್ಲಾಸ್ಟಿಕ್ ಫ್ಲೆಕ್ಸ್ ಅನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಅದು ಬೇಡ ಎಂದು ಬಿಟ್ಟೆವು. ಕಾಗದದ ಪೋಸ್ಟರ್, ಎ3 ಅಳತೆ. ಅಂದರೆ 297 ಮಿ.ಮೀ. ಅಗಲ, 420 ಮಿ.ಮೀ. ಎತ್ತರ.

ಅಂಟಿಸುವ ಜಾಗಗಳನ್ನು ಬೈಕಿನಲ್ಲಿ ಸುತ್ತಿ ಬರೆದುಕೊಂಡೆ. ಹಾಲಿನ ಡೇರಿಗಳು, ಗೊಬ್ಬರದ ಅಂಗಡಿಗಳು, ಸೊಸೈಟಿ, ಎರಡು ನರ್ಸರಿ, ಹೋಟೆಲ್‌ಗಳು. ಹೆಚ್ಚಿನ ಕಡೆ ಒಳಗಿನ ಗೋಡೆಯಲ್ಲಿ ಎ3ಕ್ಕಿಂತ ದೊಡ್ಡ ಜಾಗ ಸಿಗುವುದಿಲ್ಲ. ಎ2 ಮಾಡಿಸಿದ್ದರೆ ಅರ್ಧದಷ್ಟು ಪೋಸ್ಟರ್‌ಗಳು ಅಂಟಿಸಲಾಗದೆ ಉಳಿದುಬಿಡುತ್ತಿದ್ದವು.

ಅಕ್ಷರ ಎಷ್ಟು ದೊಡ್ಡದಿರಬೇಕು ಎಂಬುದನ್ನು ಊಹಿಸುವುದು ಬೇಡ ಅನ್ನಿಸಿತು. ಮನೆಯ ಪ್ರಿಂಟರ್‌ನಲ್ಲಿ ಎ4 ಹಾಳೆಗಳ ಮೇಲೆ ‘ಜೂನ್ 22’ ಎಂಬಂಥ ತಾರೀಕುಗಳನ್ನು 18, 24, 36, 72, 120 ಪಾಯಿಂಟ್ ಅಳತೆಯಲ್ಲಿ, ನೋಟೋ ಸ್ಯಾನ್ಸ್ ಕನ್ನಡದ ದಪ್ಪ ಅಕ್ಷರದಲ್ಲಿ, ಕಪ್ಪುಬಿಳುಪಾಗಿ ಮುದ್ರಿಸಿದೆ. ಪ್ರತಿ ಹಾಳೆಯಲ್ಲೂ ಸಂಖ್ಯೆ ಬೇರೆ ಬೇರೆ ಇತ್ತು, ಒಮ್ಮೆ ಓದಿದ್ದು ನೆನಪಿನಲ್ಲಿ ಉಳಿದು ಮೋಸ ಆಗಬಾರದಲ್ಲ. ಮಾರನೆ ದಿನ ಬೆಳಿಗ್ಗೆ ಡೇರಿ ಗೋಡೆಗೆ ಅಂಟಿಸಿ, ಸಾಲಿನಲ್ಲಿದ್ದವರನ್ನು ಓದಿ ಎಂದೆ.

ಸಾಲು ಗೋಡೆಯಿಂದ ಸುಮಾರು ಎರಡು ಮೀಟರ್ ದೂರ. ಅಲ್ಲಿಂದ 36 ಪಾಯಿಂಟ್ ಎಲ್ಲರೂ ಓದಿದರು. 24ಕ್ಕೆ ವಯಸ್ಸಾದವರು ಒಂದು ಹೆಜ್ಜೆ ಮುಂದೆ ಬಂದರು. 18 ಕಷ್ಟವೇ ಆಯಿತು. ಆಮೇಲೆ ರಸ್ತೆಯ ಅಂಚಿನಿಂದ, ಸುಮಾರು ಆರು ಮೀಟರ್ ದೂರದಿಂದ ನೋಡಿಸಿದೆ. 72ರಲ್ಲಿ ‘ಜೂನ್’ ಸಿಕ್ಕಿತು, ಸಂಖ್ಯೆಗೆ ಕಣ್ಣು ಕಿರಿದು ಮಾಡಿದರು. 120 ಸಲೀಸು. ಹಾಗಾಗಿ ಬ್ರೀಫ್‌ನಲ್ಲಿ ಹೀಗೆ ಬರೆದೆ: ಹೆಸರು ಮತ್ತು ತಾರೀಕು ರಸ್ತೆಯಿಂದ ಕಾಣಬೇಕು, 120 ಪಾಯಿಂಟ್‌ಗೆ ಕಡಿಮೆ ಬೇಡ. ಸಾಲಿನಲ್ಲಿ ನಿಂತು ಓದುವ ಮುಖ್ಯ ಸಂಗತಿ 36. ಹತ್ತಿರ ಬಂದವರಿಗೆ ಮಾತ್ರ ಬೇಕಾದ್ದು 24. ಅದಕ್ಕಿಂತ ಸಣ್ಣ ಅಕ್ಷರ ಪೋಸ್ಟರ್‌ನಲ್ಲಿ ಇರಕೂಡದು.

ಈ ಸಾಲುಗಳು ಡಿಸೈನರ್‌ಗಿಂತ ಹೆಚ್ಚಾಗಿ ನನ್ನನ್ನು ಕಟ್ಟಿಹಾಕಿದವು. 24 ಪಾಯಿಂಟ್‌ಗಿಂತ ಕೆಳಗೆ ಇಳಿಯುವಂತಿಲ್ಲ ಎಂದಾದ ಮೇಲೆ ಎ3ಯಲ್ಲಿ ಎಷ್ಟು ಮಾತು ಹಿಡಿಯುತ್ತದೆ ಎಂಬುದೂ ನಿಶ್ಚಯವಾಗಿಬಿಡುತ್ತದೆ.

ಇನ್ನೊಂದು ಅಳತೆ ಮೊಬೈಲ್‌ಗೆ. ಎ3 ಪೋಸ್ಟರ್ ಅನ್ನೇ ಚಿತ್ರ ಮಾಡಿ ಗ್ರೂಪಿಗೆ ಹಾಕುವುದು ರೂಢಿ. ಆದರೆ ಫೋನಿನ ಪರದೆ ಏಳು ಸೆಂ.ಮೀ. ಅಗಲ ಇದ್ದರೆ ಪೋಸ್ಟರ್ ನಾಲ್ಕನೇ ಒಂದು ಭಾಗಕ್ಕಿಂತಲೂ ಚಿಕ್ಕದಾಗಿ ಕುಗ್ಗುತ್ತದೆ. 24 ಪಾಯಿಂಟ್ ಅಕ್ಷರ 6 ಪಾಯಿಂಟ್‌ಗೂ ಕಡಿಮೆ ಆಗುತ್ತದೆ. ಹಾಗಾಗಿ ಎರಡನೇ ಕೆಲಸ ಎಂದು ಬೇರೆಯಾಗಿ ಬರೆದೆ: 1080×1350 ಪಿಕ್ಸೆಲ್ ಚಿತ್ರ, ಅದರಲ್ಲಿ ಹೆಸರು, ತಾರೀಕು, ಜಾಗ, ಕಸಿ ಪಾಠದ ಸಮಯ, ಫೋನ್ ನಂಬರ್ ಮಾತ್ರ. ಇದು ಬೇಕು ಎಂದು ಮೊದಲೇ ಹೇಳಿದ್ದರಿಂದ ಅವಳು ಹಣದ ಲೆಕ್ಕದಲ್ಲೂ ಸೇರಿಸಿದಳು. ಕೊನೆಯಲ್ಲಿ ‘ಒಂದು ಸಣ್ಣ ಕೆಲಸ ಅಷ್ಟೇ’ ಎಂದು ಕೇಳುವುದು ನ್ಯಾಯವಲ್ಲ.

ಮೇ 21, ಬುಧವಾರ

ಪ್ರೆಸ್‌ಗೆ ಹೋದೆ. ಡಿಸೈನರ್‌ಗಿಂತ ಮೊದಲು ಪ್ರೆಸ್‌ನವರನ್ನು ಕೇಳುವುದು ಒಳ್ಳೆಯದು ಎಂಬುದು ಹೋದ ವರ್ಷ ಕಲಿತದ್ದು. ನಮಗೆ ಬೇಕಿರುವುದು 150 ಪ್ರತಿ, ಆಫ್‌ಸೆಟ್‌ಗೆ ಅದು ಕಡಿಮೆ. ಡಿಜಿಟಲ್ ಮುದ್ರಣವೇ ಸರಿ. ಅವರ ಹಾಳೆ 12×18 ಇಂಚು. ಎ3ಗೆ ಸುತ್ತಲೂ 3 ಮಿ.ಮೀ. ಹೆಚ್ಚುವರಿ ಬಣ್ಣ ಬಿಟ್ಟರೆ 303×426 ಮಿ.ಮೀ. ಆಗುತ್ತದೆ, ಆ ಹಾಳೆಯಲ್ಲಿ ಕೂರುತ್ತದೆ. ಈ ಹೆಚ್ಚುವರಿ ಅಂಚನ್ನು ಬ್ಲೀಡ್ ಎನ್ನುತ್ತಾರೆ. ಕತ್ತರಿಸುವ ಯಂತ್ರ ಕೂದಲೆಳೆಯಷ್ಟು ಆಚೀಚೆ ಆದರೆ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆ, ಅದನ್ನು ತಪ್ಪಿಸಲು ಬ್ಲೀಡ್. ಅಕ್ಷರಗಳು ಮಾತ್ರ ಅಂಚಿನಿಂದ ಕನಿಷ್ಠ 10 ಮಿ.ಮೀ. ಒಳಗಿರಲಿ ಎಂದರು. ಎಲ್ಲವನ್ನೂ ಅವರು ಹೇಳಿದ ಹಾಗೇ ಬರೆದುಕೊಂಡೆ.

ಮೇ 22, ಗುರುವಾರ

ಪಠ್ಯ. ಇದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಕಾರ್ಯದರ್ಶಿಗಳು ವಿಷಯವನ್ನೆಲ್ಲ ಟೈಪ್ ಮಾಡಿ ಒಂದು ವರ್ಡ್ ಫೈಲ್ ಕಳಿಸಿದ್ದರು. ಫೋನಿನಲ್ಲಿ ತೆರೆದರೆ ‘ಕನ್ನಡ’ ಎಂದು ಇರಬೇಕಾದ ಕಡೆ ಹೀಗೆ ಕಂಡಿತು:

```
PÀ£ÀßqÀ
```

ಇದನ್ನು ನೋಡಿದ ಕೂಡಲೇ ಕಾರಣ ತಿಳಿಯುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಎಲ್ಲ ಕಂಪ್ಯೂಟರ್‌ಗಳಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲಿ ಅಲ್ಲ. ಆ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಅದೇ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಕನ್ನಡವಾಗಿ ಕಾಣುತ್ತದೆ, ಬೇರೆ ಕಡೆ ಹೀಗೆ. ಡಿಸೈನರ್‌ಗೆ ಈ ಫೈಲ್ ಕಳಿಸಿದರೆ ಎರಡರಲ್ಲಿ ಒಂದು ಆಗುತ್ತದೆ. ಅವಳು ಹಳೆಯ ಫಾಂಟುಗಳಿಗೇ ಕಟ್ಟುಬೀಳಬೇಕು, ಇಲ್ಲವೇ ನೋಡಿಕೊಂಡು ಮತ್ತೆ ಟೈಪ್ ಮಾಡಬೇಕು. ಮತ್ತೆ ಟೈಪ್ ಮಾಡಿದಲ್ಲೆಲ್ಲ ಹೊಸ ತಪ್ಪಿಗೆ ದಾರಿ.

ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿದೆ. ಹಾಗೆ ಮಾಡಿದ್ದನ್ನು ನಂಬಿ ಬಿಡುವಂತಿಲ್ಲ. ಅರ್ಕಾವತ್ತು ಇರುವ ಪದಗಳನ್ನು ಮೊದಲು ನೋಡಬೇಕು, ಏಕೆಂದರೆ ಹಳೆಯ ಪದ್ಧತಿಯಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಇಡುತ್ತಾರೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರುತ್ತದೆ. ಅದಲುಬದಲಾಗುವುದು ಅಲ್ಲೇ. ನಮ್ಮ ಪಠ್ಯದಲ್ಲಿ ‘ಸ್ಪರ್ಧೆ’ ಎಂಬ ಪದ ಕೆಟ್ಟಿತ್ತು. ಅಂಕಿಗಳನ್ನೂ ಒಂದೊಂದಾಗಿ ಮೂಲದ ಜೊತೆ ಇಟ್ಟು ನೋಡಿದೆ.

ಆಮೇಲೆ ಕತ್ತರಿಸುವ ಕೆಲಸ. ಕಾರ್ಯದರ್ಶಿಗಳ ಪಠ್ಯ 210 ಪದ ಇತ್ತು. ‘ಬೃಹತ್’, ‘ಅದ್ದೂರಿ’, ‘ಸರ್ವರಿಗೂ ಆದರದ ಸುಸ್ವಾಗತ’ ಎಲ್ಲ ಹೋದವು. ಅವುಗಳನ್ನು ತೆಗೆದರೆ ಯಾರಿಗೂ ಯಾವ ಮಾಹಿತಿಯೂ ಕಡಿಮೆ ಆಗುವುದಿಲ್ಲ. ಕೊನೆಗೆ ಉಳಿದದ್ದು ಇದು:

ಹಲಸಿನ ಮೇಳ
ಜೂನ್ 22, ಭಾನುವಾರ
ಬೆಳಿಗ್ಗೆ 9ರಿಂದ ಸಂಜೆ 5
ಪ್ರೌಢಶಾಲೆ ಮೈದಾನ, ಬಸ್ ನಿಲ್ದಾಣದ ಹಿಂದೆ
ಕಸಿ ಕಟ್ಟುವ ಪ್ರಾತ್ಯಕ್ಷಿಕೆ 10.30ಕ್ಕೆ. ನೀವೇ ಕಟ್ಟಿ ನೋಡಬಹುದು.
ಸಿದ್ದು, ಶಂಕರ ತಳಿಯ ಕಸಿ ಗಿಡ ಸಿಗುತ್ತವೆ
ನಿಮ್ಮ ಮರದ ಹಣ್ಣು ತನ್ನಿ, ರುಚಿ ಸ್ಪರ್ಧೆ ಇದೆ
ಪ್ರವೇಶ ಉಚಿತ
ಫೋನ್ ನಂಬರ್ (ಒಂದೇ)

ಇದರ ಕೆಳಗೆ ಬ್ರೀಫ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ: ಮೊದಲ ಎರಡು ಸಾಲು ರಸ್ತೆಯಿಂದ ಕಾಣಬೇಕು. ಕಸಿ ಮತ್ತು ಗಿಡದ ಸಾಲುಗಳು ಅದರ ನಂತರದ ಮುಖ್ಯ ವಿಷಯ, ಉಳಿದವು ಸಣ್ಣದಾದರೂ ಆದೀತು. ‘ಕಸಿ ಕಟ್ಟುವ’ ಎಂಬುದನ್ನು ಎರಡು ಸಾಲಿಗೆ ಒಡೆಯಬೇಡಿ. ಪಠ್ಯವನ್ನು ಟೈಪ್ ಮಾಡಬೇಡಿ, ಈ ಫೈಲಿನಿಂದಲೇ ನಕಲಿಸಿ ಅಂಟಿಸಿ. ಬದಲಾವಣೆ ಇದ್ದರೆ ನಾನು ಇಡೀ ಫೈಲನ್ನು ಹೊಸ ಸಂಖ್ಯೆ ಹಾಕಿ ಕಳಿಸುತ್ತೇನೆ, ಬಿಡಿ ಸಂದೇಶದಲ್ಲಿ ಹೇಳಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಈ ಕೊನೆಯ ಮಾತು ಹೋದ ವರ್ಷದ ತಾರೀಕಿನ ತಪ್ಪಿನಿಂದ ಬಂದದ್ದು.

ಪಠ್ಯಕ್ಕೆ ಇನ್ನೂ ಒಂದು ಸಾಲು ಜೋಡಿಸಿದೆ, ಪೋಸ್ಟರ್‌ಗಲ್ಲ, ಪರೀಕ್ಷೆಗೆ:

‘ಪ್ರಾತ್ಯಕ್ಷಿಕೆ ಸ್ಪರ್ಧೆ ತಜ್ಞರು ಹಣ್ಣು ಕೃಷಿ ರಾಷ್ಟ್ರ’

ನಿಮ್ಮ ತಂತ್ರಾಂಶದಲ್ಲಿ, ನೀವು ಆರಿಸಿದ ಫಾಂಟಿನಲ್ಲಿ ಇದನ್ನು ಅಂಟಿಸಿ, ಸ್ಕ್ರೀನ್‌ಶಾಟ್ ಕಳಿಸಿ ಎಂದು ಕೇಳಿಕೊಂಡೆ. ಕನ್ನಡಕ್ಕೆ ಬೇಕಾದ ವ್ಯವಸ್ಥೆ ಚಾಲೂ ಇಲ್ಲದಿದ್ದರೆ ‘ಪ್ರಾ’ ಎಂಬುದು ‘ಪ್‌ರಾ’ ಎಂದು ಒಡೆಯುತ್ತದೆ, ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ. ಡಿಸೈನ್ ಪೂರ್ತಿ ಆದ ಮೇಲೆ ಇದು ಗೊತ್ತಾದರೆ ದೊಡ್ಡ ತಲೆನೋವು.

ಮೇ 23, ಶುಕ್ರವಾರ

ಧಾಟಿ. ‘ಸುಂದರವಾಗಿರಲಿ’, ‘ಕಣ್ಣು ಸೆಳೆಯಲಿ’ ಎಂದು ಬರೆದರೆ ಡಿಸೈನರ್ ಏನು ಮಾಡಬೇಕು? ಸುಂದರವಾಗಿ ಇರದಿರಲಿ ಎಂದು ಯಾರೂ ಕೇಳುವುದಿಲ್ಲವಲ್ಲ. ಹಾಗಾಗಿ ಧಾಟಿಯನ್ನು ಒಬ್ಬ ಮನುಷ್ಯನ ಮಾತಿನಂತೆ ಬರೆದೆ. ‘ಪಕ್ಕದ ತೋಟದ ಅನುಭವಸ್ಥರು ಬದುವಿನಲ್ಲಿ ನಿಂತು ‘ಬಾರಪ್ಪ, ತೋರಿಸ್ತೀನಿ’ ಎಂದು ಕರೆದ ಹಾಗೆ. ಸರ್ಕಾರಿ ಪ್ರಕಟಣೆಯ ಹಾಗೆ ಅಲ್ಲ. ಅಂಗಡಿಯ ಆಫರ್ ಹಾಗೂ ಅಲ್ಲ.’

ಅದರ ಜೊತೆ ಬೇಡದ್ದನ್ನೂ ಹೇಳಿದೆ, ಕಾರಣ ಕೊಟ್ಟು. ಹಲಸು ಎಂದರೆ ಎಲ್ಲರಿಗೂ ಹಳದಿ ನೆನಪಾಗುತ್ತದೆ. ಸಿದ್ದು ತಳಿಯ ತೊಳೆ ತಾಮ್ರಗೆಂಪು. ಎರಡನ್ನೂ ದೊಡ್ಡ ಪಟ್ಟಿಗಳಾಗಿ ಹಾಕಿದರೆ ನಮ್ಮ ನಾಡಿನಲ್ಲಿ ಅದು ಕನ್ನಡ ಬಾವುಟವಾಗಿಬಿಡುತ್ತದೆ. ದೂರದಿಂದ ನೋಡಿದವರು ರಾಜ್ಯೋತ್ಸವದ್ದು ಎಂದುಕೊಂಡು ಮುಂದೆ ಹೋಗುತ್ತಾರೆ. ಯಾವುದೇ ಪಕ್ಷದ ಬಣ್ಣಗಳ ಜೋಡಿಯೂ ಬೇಡ ಎಂದೆ. ಮೈಸೂರಿನಲ್ಲಿ ಕೂತವರಿಗೆ ನಮ್ಮ ಹೋಬಳಿಯಲ್ಲಿ ಯಾವುದು ಯಾವುದರ ಹಾಗೆ ಕಾಣುತ್ತದೆ ಎಂಬುದು ತಾನಾಗಿ ಗೊತ್ತಾಗುವುದಿಲ್ಲ, ಹೇಳಬೇಕು.

ಚಿತ್ರಕ್ಕೆ ಕೊಯ್ದ ಸಿದ್ದು ಹಣ್ಣು. ಇಡೀ ಹಣ್ಣಿನ ಚಿತ್ರ ನೋಡಿದರೆ ಯಾವ ತಳಿ ಎಂದು ಗೊತ್ತಾಗುವುದಿಲ್ಲ. ಆ ಕೆಂಪು ತೊಳೆ ಕಂಡರೆ ಹಲಸು ಬೆಳೆದವರು ನಿಂತು ನೋಡುತ್ತಾರೆ. ಗೆಳೆಯ ತೆಗೆದ ಫೋಟೋ ನನ್ನ ವಾಟ್ಸ್ಆ್ಯಪ್‌ನಲ್ಲಿತ್ತು. ಅದರ ಉದ್ದ 1600 ಪಿಕ್ಸೆಲ್. ಎ3 ಎತ್ತರ ಹದಿನಾರೂವರೆ ಇಂಚು, ಅಂದರೆ ಇಂಚಿಗೆ ನೂರು ಪಿಕ್ಸೆಲ್ ಕೂಡ ಸಿಗುವುದಿಲ್ಲ. ಮುದ್ರಣಕ್ಕೆ 300 ಬೇಕು. ಅವನ ಫೋನಿನಿಂದ ಮೂಲ ಫೋಟೋವನ್ನೇ, ಚಿತ್ರವಾಗಿ ಅಲ್ಲದೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದೆ. ಹಾಗೆ ಕಳಿಸಿದರೆ ಕುಗ್ಗುವುದಿಲ್ಲ.

ಮೇ 25, ಭಾನುವಾರ

ಗಡುವು. ಇದನ್ನು ಹಿಂದಿನಿಂದ ಎಣಿಸಿದೆ. ಮೇಳ ಜೂನ್ 22. ಅದಕ್ಕೆ ಹನ್ನೆರಡು ದಿನ ಮೊದಲು, ಜೂನ್ 10ಕ್ಕೆ ಪೋಸ್ಟರ್ ಗೋಡೆ ಮೇಲಿರಬೇಕು. ಹಂಚಿ ಅಂಟಿಸಲು ಎರಡು ದಿನ, ಪ್ರೆಸ್‌ಗೆ ಮೂರು ದಿನ. ಹಾಗಾದರೆ ಪ್ರೆಸ್‌ಗೆ ಫೈಲ್ ಜೂನ್ 5ಕ್ಕೆ ಹೋಗಬೇಕು. ಕೊನೆಯ ಪ್ರೂಫ್ ಜೂನ್ 2, ಮೊದಲ ಕರಡು ಮೇ 29. ಪಠ್ಯ ಮೇ 26ಕ್ಕೆ ಬೀಗ.

ಪ್ರತಿ ದಿನಾಂಕದ ಎದುರು ಕೆಲಸ ಯಾರದ್ದು ಎಂದೂ ಬರೆದೆ. ಕರಡು ಬಂದ ಮೇಲೆ 24 ಗಂಟೆಯಲ್ಲಿ ಉತ್ತರ ಕೊಡುವುದು ನನ್ನ ಜವಾಬ್ದಾರಿ. ಸಮಿತಿಯಲ್ಲಿ ಏಳು ಜನ ಇದ್ದೇವೆ, ಆದರೆ ಅವಳಿಗೆ ಮಾತು ಹೋಗುವುದು ನನ್ನೊಬ್ಬನಿಂದ. ನಾನು ತಡ ಮಾಡಿದರೆ ಅವಳ ಗಡುವೂ ಅಷ್ಟೇ ಮುಂದೆ ಹೋಗುತ್ತದೆ. ಎರಡು ಸುತ್ತು ತಿದ್ದುಪಡಿ ಒಪ್ಪಿದ ಹಣದಲ್ಲಿ ಸೇರಿದೆ, ಮೂರನೆಯದಕ್ಕೆ ಬೇರೆ ಹಣ. ಕೆಲಸ ಶುರು ಮಾಡುವಾಗ ಅರ್ಧ, ಮುದ್ರಣದ ಫೈಲ್ ಕೈಗೆ ಬಂದ ದಿನ ಉಳಿದರ್ಧ. ಮೇಳ ಮುಗಿದ ಮೇಲೆ ಎಂಬ ಮಾತು ಇಲ್ಲ.

ಈ ಮಧ್ಯೆ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ಹೊರಗಿನ ಗೋಡೆಗೆ ಅಂಟಿಸುವ ಯೋಚನೆ ಅಲ್ಲಿಗೆ ಬಿಟ್ಟೆವು. ಎಲ್ಲವೂ ಸೂರಿನ ಕೆಳಗೆ, ಅಂಗಡಿಯ ಒಳಗೆ. ಒಳಗೆ ಬೆಳಕು ಕಡಿಮೆ. ಬ್ರೀಫ್‌ಗೆ ಒಂದು ಸಾಲು ಸೇರಿತು: ಹಿನ್ನೆಲೆ ತಿಳಿ ಬಣ್ಣದ್ದಿರಲಿ, ಅಕ್ಷರ ಗಾಢವಾಗಿರಲಿ.

ರಾತ್ರಿ ಕಳಿಸಿದೆ. ಎಲ್ಲ ಸೇರಿ ಒಂದೂವರೆ ಪುಟ.

ಮೇ 26, ಸೋಮವಾರ

ಬೆಳಿಗ್ಗೆ ಪರೀಕ್ಷೆಯ ಸ್ಕ್ರೀನ್‌ಶಾಟ್ ಬಂತು. ‘ಪ್ರಾತ್ಯಕ್ಷಿಕೆ’ ಒಡೆದೇ ಹೋಗಿತ್ತು. ಅವಳೇ ಫೋನ್ ಮಾಡಿ, ‘ಸರ್, ಹೊಸ ಲ್ಯಾಪ್‌ಟಾಪ್, ಸೆಟ್ಟಿಂಗ್ ಹಾಕಿರ್ಲಿಲ್ಲ’ ಎಂದಳು. ಅವಳು ಬಳಸುವುದು ಇಲಸ್ಟ್ರೇಟರ್ ಎಂಬ ಡಿಸೈನ್ ತಂತ್ರಾಂಶ. ಅದರಲ್ಲಿ `Preferences > Type` ಒಳಗೆ `Show Indic Options` ಎಂಬುದನ್ನು ಆರಿಸಬೇಕು. ಹತ್ತು ನಿಮಿಷದಲ್ಲಿ ಸರಿಯಾಯಿತು. ಫಾಂಟ್ ಅನೇಕ್ ಕನ್ನಡ ಎಂದಳು. ಅದು ಎಲ್ಲರಿಗೂ ಉಚಿತವಾಗಿ ಸಿಗುವ ಯೂನಿಕೋಡ್ ಫಾಂಟ್, ತೆಳುವಿನಿಂದ ತುಂಬ ದಪ್ಪದವರೆಗೆ ಹಲವು ತೂಕಗಳಲ್ಲಿದೆ.

ಅವಳು ಕೇಳಿದ ಒಂದೇ ಪ್ರಶ್ನೆ: ‘ಹಲಸು ದೊಡ್ಡದಾ, ಕಸಿ ದೊಡ್ಡದಾ?’ ಬ್ರೀಫ್‌ನಲ್ಲಿ ಅಕ್ಷರಗಳ ಕ್ರಮ ಹೇಳಿದ್ದೆ, ಚಿತ್ರ ಯಾವುದರ ಪರವಾಗಿ ನಿಲ್ಲಬೇಕು ಎಂದು ಹೇಳಿರಲಿಲ್ಲ. ಹಣ್ಣು ಕಣ್ಣಿಗೆ, ಕಸಿ ಮಾತಿಗೆ ಎಂದು ತೀರ್ಮಾನ ಮಾಡಿದೆವು.

ಮೇ 29, ಗುರುವಾರ

ಎರಡು ಕರಡು ಬಂದವು. ಒಂದರಲ್ಲಿ ಕೊಯ್ದ ಹಣ್ಣು ಕೆಳಗಿನ ಅರ್ಧವನ್ನು ತುಂಬಿತ್ತು, ಮೇಲೆ ತಿಳಿ ಕೆನೆ ಬಣ್ಣದ ಜಾಗದಲ್ಲಿ ಗಾಢ ಹಸಿರು ಅಕ್ಷರ. ಇನ್ನೊಂದರಲ್ಲಿ ಹಣ್ಣು ಮಧ್ಯದಲ್ಲಿ, ಅಕ್ಷರ ಸುತ್ತಲೂ. ಎರಡನೆಯದು ನನಗೆ ವೈಯಕ್ತಿಕವಾಗಿ ಬಹಳ ಇಷ್ಟವಾಯಿತು. ಆದರೆ ಬ್ರೀಫ್‌ನ ಮೊದಲ ಸಾಲಿಗೆ ಇಟ್ಟು ನೋಡಿದೆ. ಸಾಲಿನಲ್ಲಿ ನಿಂತವರು ಕ್ಯಾನ್ ಹಿಡಿದು ಕತ್ತು ತಿರುಗಿಸುತ್ತ ಸುತ್ತಲೂ ಓದುತ್ತಾರೆಯೇ? ಇಲ್ಲ. ಮೊದಲನೆಯದನ್ನೇ ಆರಿಸಿದೆ. ಸಮಿತಿಯವರಿಗೂ ‘ಯಾವುದು ಚೆಂದ?’ ಎಂದು ಕೇಳಲಿಲ್ಲ. ‘ಡೇರಿಯಲ್ಲಿ ಯಾವುದು ಬೇಗ ಓದಬಹುದು?’ ಎಂದು ಕೇಳಿದೆ. ಏಳರಲ್ಲಿ ಆರು ಜನ ಅದನ್ನೇ ಹೇಳಿದರು.

ಜೂನ್ 2, ಸೋಮವಾರ

ಪ್ರೂಫ್. ಪರದೆಯ ಮೇಲೆ ನೋಡಿದರೆ ಎಲ್ಲ ಸರಿ ಕಾಣುತ್ತದೆ. ಎ3 ಅಳತೆಯಲ್ಲೇ ಒಂದು ಪ್ರತಿ ಮುದ್ರಿಸಿ ಗೋಡೆಗೆ ಅಂಟಿಸಿದೆ. ಆಗ ಎರಡು ದೋಷ ಕಂಡವು.

ಒಂದು, ಸಾಲುಗಳ ನಡುವಿನ ಅಂತರ. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಅಂತರ ಕನ್ನಡಕ್ಕೆ ಸಾಲದು. ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತ ಮೇಲೆ ಏರುತ್ತದೆ. ‘ಪ್ರಾತ್ಯಕ್ಷಿಕೆ’ಯ ಒತ್ತುಗಳು ಕೆಳಗಿನ ಸಾಲಿನ ‘ಸಿದ್ದು’ ಪದದ ಗುಡಿಸಿಗೆ ತಾಗುತ್ತಿದ್ದವು. 36 ಪಾಯಿಂಟ್ ಅಕ್ಷರಕ್ಕೆ ಅವಳು ಸಾಲಿನಿಂದ ಸಾಲಿಗೆ 42 ಪಾಯಿಂಟ್ ಇಟ್ಟಿದ್ದಳು, 52 ಮಾಡಿಸಿದೆವು.

ಇನ್ನೊಂದು, ಹೆಸರಿನ ಸಾಲು. ‘ಹಲಸಿನ ಮೇಳ’ಕ್ಕೆ ತುಂಬ ದಪ್ಪ ತೂಕ ಬಳಸಿ, ಅಕ್ಷರಗಳ ನಡುವೆ ಸ್ವಲ್ಪ ಜಾಗ ಬಿಡಿಸಿದ್ದಳು. ಇಂಗ್ಲಿಷ್ ಶೀರ್ಷಿಕೆಗಳಲ್ಲಿ ಅದು ಚೆನ್ನಾಗಿರುತ್ತದೆ. ಕನ್ನಡದಲ್ಲಿ ‘ಮೇ’ ಅಕ್ಷರದ ದೀರ್ಘ ಚಿಹ್ನೆ ಅಕ್ಷರದಿಂದ ದೂರ ಸರಿದು ಬೇರೆ ಗುರುತಿನಂತೆ ನಿಂತಿತ್ತು. ಆ ಜಾಗವನ್ನು ಸೊನ್ನೆಗೆ ತಂದಳು. ಎರಡೂ ಮೊದಲ ಸುತ್ತಿನಲ್ಲೇ ಮುಗಿದವು.

ತಾರೀಕನ್ನು ಕ್ಯಾಲೆಂಡರ್ ಕೈಯಲ್ಲಿ ಹಿಡಿದು ನೋಡಿದೆ. ಫೋನ್ ನಂಬರ್ ಅನ್ನು ಪೋಸ್ಟರ್‌ನಿಂದಲೇ ಓದಿ ಡಯಲ್ ಮಾಡಿದೆ. ನಮ್ಮ ಕಾರ್ಯದರ್ಶಿಗಳೇ ಎತ್ತಿದರು.

ಜೂನ್ 5, ಗುರುವಾರ

ಪ್ರೆಸ್‌ಗೆ ಹೋಗುವ ಪಿಡಿಎಫ್‌ನಲ್ಲಿ ಅಕ್ಷರಗಳನ್ನೆಲ್ಲ ಚಿತ್ರರೇಖೆಯಾಗಿ ಬದಲಿಸಬೇಕು ಎಂದು ಬ್ರೀಫ್‌ನಲ್ಲೇ ಕೇಳಿದ್ದೆ. ಇಲಸ್ಟ್ರೇಟರ್‌ನಲ್ಲಿ ಅದು `Create Outlines`. ಪ್ರೆಸ್‌ಗಳಲ್ಲಿ ಪಿಡಿಎಫ್ ಅನ್ನು ಕೋರೆಲ್‌ಡ್ರಾದಲ್ಲಿ ತೆರೆಯುವ ಅಭ್ಯಾಸ ಇದೆ. ಅಕ್ಷರ ಅಕ್ಷರವಾಗಿಯೇ ಉಳಿದಿದ್ದರೆ ಅಲ್ಲಿ ಒತ್ತುಗಳು ಚೆಲ್ಲಾಪಿಲ್ಲಿ ಆಗಬಹುದು. ರೇಖೆಯಾದ ಮೇಲೆ ಹಾಗಾಗದು. ಆದರೆ ರೇಖೆಯಾದ ಪಠ್ಯವನ್ನು ತಿದ್ದಲೂ ಆಗದು. ಹಾಗಾಗಿ ತಿದ್ದಬಹುದಾದ ಮೂಲ ಫೈಲನ್ನೂ ಬೇರೆಯಾಗಿ ಕಳಿಸಿದಳು. ಅವತ್ತೇ ಉಳಿದ ಹಣ ಕೊಟ್ಟೆ.

ಜೂನ್ 10, ಮಂಗಳವಾರ

ಗಡುವಿನ ದಿನ 150ರಲ್ಲಿ 132 ಪೋಸ್ಟರ್ ಅಂಟಿದವು. ಬೆಳಿಗ್ಗೆ ನಮ್ಮ ಡೇರಿಯಲ್ಲಿ ನಿಂತು ನೋಡಿದೆ. ಒಬ್ಬರು ಗಟ್ಟಿಯಾಗಿ ಓದಿದರು, ಕಸಿಯ ಸಾಲಿನ ತನಕ ತಡವರಿಸಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ‘ಗಿಡ ಒಂದಕ್ಕೆ ಎಷ್ಟು ಸ್ವಾಮಿ?’ ಎಂದರು. ಪಕ್ಕದವರೂ ಅದನ್ನೇ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಕಾರ್ಯದರ್ಶಿಗಳ ಫೋನಿಗೂ ಅದೇ ಪ್ರಶ್ನೆ ಬರಲು ಶುರುವಾಯಿತು.

ಬೆಲೆ ಪೋಸ್ಟರ್‌ನಲ್ಲಿ ಇಲ್ಲ. ಪಠ್ಯಕ್ಕೆ ಬೀಗ ಹಾಕಿದ ದಿನ ನರ್ಸರಿಯವರು ಇನ್ನೂ ಬೆಲೆ ಹೇಳಿರಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಸಂಜೆ ಅವರಿಂದ ಬೆಲೆ ಕೇಳಿಕೊಂಡು, ದಪ್ಪ ಮಾರ್ಕರ್ ಹಿಡಿದು ಹೊರಟೆ. ಗಿಡದ ಸಾಲಿನ ಪಕ್ಕ ಮೂರು ಬೆರಳಿನಷ್ಟು ಖಾಲಿ ಜಾಗ ಇತ್ತು. ಎರಡು ದಿನದಲ್ಲಿ ನಲವತ್ತು ಪೋಸ್ಟರ್‌ಗಳ ಮೇಲೆ ಕೈಯಲ್ಲೇ ಬರೆದೆ. ಮುಂದಿನ ವರ್ಷದ ಬ್ರೀಫ್ ಫೈಲ್ ತೆರೆದು, ಪಠ್ಯದ ಭಾಗದಲ್ಲಿ ಒಂದು ಸಾಲು ಈಗಲೇ ಹಾಕಿಟ್ಟಿದ್ದೇನೆ: ‘ಗಿಡದ ಬೆಲೆ: ರೂ. ____ (ಇದು ತುಂಬದೆ ಪಠ್ಯಕ್ಕೆ ಬೀಗ ಇಲ್ಲ).’